ಶರಣು ಎಂದವರಿಗೆ ಶರಣಾರ್ಥಿ

ಬಾಗಿಲಿಗೆ ಬಂದವರು ಏನನ್ನಾದರೂ ಕೇಳಿದರೆ ಉತ್ತರ ಕಷ್ಟವಲ್ಲ. ಕೊಡಬಹುದು, ಇಲ್ಲವೆನ್ನಬಹುದು, ನಾಳೆ ಬನ್ನಿ ಎನ್ನಬಹುದು. ಏನನ್ನೂ ಕೇಳದೆ ‘ಒಳ್ಳೆಯದಾಗಲಿ’ ಎಂದೋ ‘ನಿಮ್ಮಿಂದ ಉಪಕಾರವಾಯಿತು’ ಎಂದೋ ಹೇಳಿ ಸುಮ್ಮನೆ ನಿಂತವರ ಮುಂದೆ ಮಾತ್ರ ಅನೇಕರಿಗೆ ಮಾತು ತಡವರಿಸುತ್ತದೆ. ಅಲ್ಲಿ ತೀರ್ಮಾನಿಸಬೇಕಾದ ವಿಷಯವಿಲ್ಲ, ತಿಳಿಸಬೇಕಾದ ಸುದ್ದಿಯೂ ಇಲ್ಲ. ಆದರೂ ಅಂಥ ಮಾತಿಗೆ ಮರುಮಾತು ಬೇಕೇ ಬೇಕು. ಹೇಳಿದವರು ಬೇರೇನನ್ನೂ ನಿರೀಕ್ಷಿಸದಿದ್ದರೂ ತಮ್ಮ ಮಾತು ತಲುಪಿತು ಎಂಬ ಗುರುತನ್ನು ಎದುರಿನವರ ಮುಖದಲ್ಲಿ, ಬಾಯಲ್ಲಿ ಹುಡುಕುತ್ತಾರೆ.

ಆ ಗುರುತು ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1976ರ ಒಂದು ಲೇಖನದಲ್ಲಿ ಬರೆದಿದ್ದಾರೆ. ಕಚೇರಿಯ ಸಹಾಯಕಿ ಬೆಳಿಗ್ಗೆ ಹೇಳುತ್ತಿದ್ದ ನಮಸ್ಕಾರಕ್ಕೆ ಅವರು ಎರಡು ದಿನ ಬೇಕೆಂದೇ ಮಾತಿನಲ್ಲಿ ಉತ್ತರಿಸಲಿಲ್ಲ. ಉಳಿದೆಲ್ಲ ನಡವಳಿಕೆ ಎಂದಿನಂತೆಯೇ ಇತ್ತು. ಅಷ್ಟಕ್ಕೇ ಕಚೇರಿಯ ಗಾಳಿ ಬಿಗಿದುಕೊಂಡಿತು, ಪ್ರಯೋಗವನ್ನು ಅಲ್ಲಿಗೆ ನಿಲ್ಲಿಸಬೇಕಾಯಿತು. ಯಾರ ಕೆಲಸವೂ ಕೆಟ್ಟಿರಲಿಲ್ಲ, ಮರಳಬೇಕಾದ ಒಂದು ಮಾತು ಮರಳಿರಲಿಲ್ಲ ಅಷ್ಟೆ.

ಮೌನಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇನ್ನೊಂದಿದೆ. ಹಾರೈಸಲು ಬಂದವರನ್ನು ‘ಏನಾಗಬೇಕಿತ್ತು?’ ಎಂದು ಕೇಳುವುದು. ಪಿಂಚಣಿ ಮಂಜೂರಾದ ಮುದುಕರೊಬ್ಬರು ಕಡತ ಸರಿಮಾಡಿಕೊಟ್ಟ ಗುಮಾಸ್ತರ ಮೇಜಿನ ಮುಂದೆ ಬಂದು ಕೈಮುಗಿಯುತ್ತಾರೆ. ದಿನವಿಡೀ ಅರ್ಜಿಗಳನ್ನೇ ನೋಡುವ ಗುಮಾಸ್ತರು ರೂಢಿಯಂತೆ ‘ಮತ್ತೇನು ಬಾಕಿ ಇದೆ?’ ಎನ್ನುತ್ತಾರೆ. ಪ್ರಶ್ನೆಯಲ್ಲಿ ಒರಟುತನವಿಲ್ಲ. ಆದರೆ ಕೊಡಲು ಬಂದವರು ಆ ಒಂದು ಮಾತಿನಿಂದ ಬೇಡಲು ಬಂದವರಾಗುತ್ತಾರೆ. ‘ಏನಿಲ್ಲ ಸ್ವಾಮಿ, ಹಾಗೇ ಬಂದೆ’ ಎಂದು ಅವರು ಸಂಕೋಚದಿಂದ ಹಿಂದೆ ಸರಿಯುತ್ತಾರೆ. ಈ ‘ಹಾಗೇ ಬಂದೆ’ ಕಿವಿಗೆ ಬಿದ್ದರೆ ಉತ್ತರ ದಾರಿ ತಪ್ಪಿದೆ ಎಂದು ತಿಳಿಯಬೇಕು. ಅಲ್ಲಿ ಒಪ್ಪುವ ಮಾತು ಚಿಕ್ಕದು: ‘ಕೆಲಸ ಆಯಿತಲ್ಲ, ಸಂತೋಷ. ಆರೋಗ್ಯ ನೋಡಿಕೊಳ್ಳಿ.’ ನಿಜವಾಗಿಯೂ ಏನಾದರೂ ಕೇಳುವುದಿದ್ದರೆ ಬಂದವರೇ ಆಮೇಲೆ ‘ಹಾಗೇ ಇನ್ನೊಂದು ವಿಷಯ’ ಎಂದು ತೆಗೆಯುತ್ತಾರೆ. ಅದು ಬರುವ ತನಕ ಕಾಯುವುದರಿಂದ ನಷ್ಟವೇನಿಲ್ಲ.

ಹಾಗಾದರೆ ಎಷ್ಟು ಮರಳಿಸಬೇಕು? ಸಮಾನರ ನಡುವೆ ಉತ್ತರ ಸರಳ, ಕೊಟ್ಟಷ್ಟೇ ಮರಳಿಸುವುದು. ಉತ್ತರ ಕರ್ನಾಟಕದ ವಿಜಯದಶಮಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಬನ್ನಿ ಗಿಡದ ಪೂಜೆ ಮುಗಿಸಿ ಬಂದವರು ಬಂಗಾರವೆಂದು ಭಾವಿಸಿದ ಎಲೆಗಳನ್ನು ಹಂಚಿಕೊಳ್ಳುತ್ತ ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎನ್ನುತ್ತಾರೆ. ತಗೊಂಡವರೂ ತಮ್ಮ ಕೈಯ ಎಲೆ ಕೊಟ್ಟು ಅದೇ ಮಾತನ್ನು ಆಡುತ್ತಾರೆ. ‘ಇರಿ’ ಎಂದಿದ್ದರೆ ಅದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಹಾರೈಕೆಯಾಗುತ್ತಿತ್ತು. ‘ಇರೂಣು’ ಎಂದಾಗ ಹೇಳಿದವರೂ ಕೇಳಿದವರೂ ಒಂದೇ ಕ್ರಿಯಾಪದದೊಳಗೆ ಬಂದುಬಿಡುತ್ತಾರೆ. ಅದಕ್ಕೆ ‘ಧನ್ಯವಾದ’ ಎಂದರೆ ಹೊಂದುವುದೇ ಇಲ್ಲ, ಅದೇ ಮಾತನ್ನು ತಿರುಗಿಸಿ ಹೇಳುವುದೇ ಸರಿ. ವರ್ಷದ ಮುನಿಸು ಮರೆತು ಮಾತು ಶುರುಮಾಡುವವರಿಗೂ ಈ ಎಲೆ ಒದಗಿಬರುತ್ತದೆ. ಯಾರು ಮೊದಲು ಬಾಗಿದರು ಎಂಬ ಲೆಕ್ಕಕ್ಕೆ ಆ ವಾಕ್ಯದಲ್ಲಿ ಜಾಗವಿಲ್ಲ.

ಸಂಕ್ರಾಂತಿಯ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎಂಬ ಮಾತು ನೋಡಲು ಅಪ್ಪಣೆಯಂತೆಯೇ ಇದೆ. ಆದರೂ ಅದನ್ನು ಯಾರೂ ಬುದ್ಧಿವಾದವೆಂದು ತಿಳಿಯುವುದಿಲ್ಲ. ಎಳ್ಳು ಬೀರಲು ಬಂದ ಹುಡುಗಿಯ ತಟ್ಟೆಗೆ ಮನೆಯವರೂ ತಮ್ಮ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟು ಕಳಿಸುತ್ತಾರೆ. ಅಲ್ಲಿ ಉತ್ತರ ತಟ್ಟೆಯಲ್ಲಿರುತ್ತದೆ.

ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚು ಮರಳಿಸಬಹುದೇ? ಇದಕ್ಕೆ ಸ್ಪಷ್ಟ ನಿಯಮವಿರುವುದು ಇಸ್ಲಾಮಿನ ಸಲಾಮಿನಲ್ಲಿ. ‘ಅಸ್ಸಲಾಮು ಅಲೈಕುಮ್’ ಎಂದರೆ ನಿಮ್ಮ ಮೇಲೆ ಶಾಂತಿ ಇರಲಿ ಎಂದರ್ಥ, ಅದರಲ್ಲಿ ಕೋರಿಕೆ ಇಲ್ಲ. ವಂದಿಸಿದವರಿಗೆ ಅದಕ್ಕಿಂತ ಉತ್ತಮವಾಗಿ, ಇಲ್ಲವೇ ಕನಿಷ್ಠ ಅಷ್ಟೇ ಮರಳಿಸಬೇಕು ಎಂಬ ವಿಧಿ ಕುರ್‌ಆನಿನ ನಾಲ್ಕನೆಯ ಅಧ್ಯಾಯದ 86ನೆಯ ವಚನದಲ್ಲಿದೆ. ‘ವ ಅಲೈಕುಮುಸ್ಸಲಾಮ್’ ಎಂದರೆ ಸಮವಾಯಿತು. ‘ವ ರಹ್ಮತುಲ್ಲಾಹಿ’ ಸೇರಿಸಿದರೆ ದೇವರ ಕರುಣೆಯೂ, ‘ವ ಬರಕಾತುಹು’ ಸೇರಿಸಿದರೆ ಅವನ ಅನುಗ್ರಹ ಸಮೃದ್ಧಿಯೂ ಆ ಹಾರೈಕೆಗೆ ಕೂಡಿಕೊಳ್ಳುತ್ತವೆ. ಈ ಮೂರು ಮೆಟ್ಟಿಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಪುಣ್ಯವೆಂದು ಹದೀಸಿನ ಪರಂಪರೆ ಎಣಿಸುತ್ತದೆ. ಮೊದಲು ಸಲಾಮು ಹೇಳುವುದು ಮೆಚ್ಚತಕ್ಕ ನಡತೆ, ಉತ್ತರಿಸುವುದು ಮಾತ್ರ ಕರ್ತವ್ಯ ಎಂದು ಧರ್ಮಶಾಸ್ತ್ರಜ್ಞರು ಬಿಡಿಸಿ ಹೇಳುತ್ತಾರೆ. ಗುಂಪಿಗೆ ಹೇಳಿದ ಸಲಾಮಿಗೆ ಒಬ್ಬರು ಉತ್ತರಿಸಿದರೂ ಸಾಕು. ಎಲ್ಲಕ್ಕಿಂತ ಜಾಣತನದ ಅಂಶವೆಂದರೆ ಈ ಏಣಿ ಸಾಮಾನ್ಯವಾಗಿ ‘ಬರಕಾತುಹು’ಗೆ ನಿಲ್ಲುತ್ತದೆ. ಮೇಲುಗೈಗಾಗಿ ಪೈಪೋಟಿ ಬೆಳೆಯದಂತೆ ಹೆಚ್ಚಿಸುವ ಸ್ವಾತಂತ್ರ್ಯಕ್ಕೂ ಒಂದು ತುದಿ ಇದೆ.

ತುದಿಯೇ ಇಲ್ಲದಿದ್ದರೆ ಏನಾದೀತು ಎಂಬುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಕಥೆಯಿದೆ. ಹನ್ನೆರಡನೆಯ ಶತಮಾನದ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಶರಣರ ಕಥನ ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯ ದಾರಿಯಲ್ಲಿ ಎದುರಾದ ಬಸವಣ್ಣನಿಗೆ ‘ಶರಣು’ ಎಂದ. ಬಸವಣ್ಣ ‘ಶರಣು ಶರಣಾರ್ಥಿ’ ಎಂದ. ಒಂದು ಶರಣಿಗೆ ಒಂದು ಶರಣು ಸಾಕಿತ್ತು, ಅದರ ಮೇಲೆ ಒಂದು ಶರಣಾರ್ಥಿ ಹೆಚ್ಚಾಗಿ ಬಂತು. ಬಿಜ್ಜಳನ ಆಸ್ಥಾನದ ಅಧಿಕಾರಿಯಿಂದ, ಊರು ದೂರವಿಟ್ಟ ಕುಲದವನಿಗೆ. ಆ ಹೆಚ್ಚಿನ ಮಾತು ಹರಳಯ್ಯನಿಗೆ ಹೊರೆಯಾಯಿತು. ಮನೆಗೆ ಬಂದು ಹೆಂಡತಿ ಕಲ್ಯಾಣಮ್ಮನೊಡನೆ ಆ ಋಣ ತೀರಿಸುವ ಬಗೆ ಯೋಚಿಸಿದ. ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು. ಬಸವಣ್ಣ ಅವನ್ನು ಕಾಲಿಗೆ ಮೆಟ್ಟಲಿಲ್ಲ. ತಲೆಯ ಮೇಲಿಟ್ಟುಕೊಂಡು, ಇವನ್ನು ಮೆಟ್ಟುವ ಯೋಗ್ಯತೆ ತನಗಿಲ್ಲವೆಂದು ಮರಳಿಸಿದ.

ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆಯೆಂದು ಹೇಳುವುದು ವಾಡಿಕೆ. ಮರುವಂದನೆಯ ದೃಷ್ಟಿಯಿಂದ ಓದಿದರೆ ಬೇರೊಂದು ಸತ್ಯವೂ ಕಾಣುತ್ತದೆ. ಅಳತೆ ಮೀರಿದ ಗೌರವ ಪಡೆದವರ ಹೆಗಲ ಮೇಲೆ ಸಾಲವಾಗಿ ಕೂರುತ್ತದೆ, ಅವರು ತಮ್ಮ ಶಕ್ತಿ ಮೀರಿ ತೀರಿಸಹೊರಡುತ್ತಾರೆ. ಹಾಗೆಂದು ಬಸವಣ್ಣ ತಪ್ಪಿದನೆಂದು ಹೇಳಲಾಗದು. ಆವರೆಗೆ ಯಾರೂ ಮರುವಂದನೆಯನ್ನೇ ಕೊಡದ ಮನುಷ್ಯನಿಗೆ ಬರೀ ಸಮನಾಗಿ ಮರಳಿಸಿದ್ದರೆ ಹಳೆಯ ಬಾಕಿ ಬಾಕಿಯಾಗಿಯೇ ಉಳಿಯುತ್ತಿತ್ತು. ಹೆಚ್ಚು ಕೊಟ್ಟದ್ದು ಆ ಕಾಲಕ್ಕೆ ನ್ಯಾಯವೇ. ದಿನನಿತ್ಯದ ಬಳಕೆಯಲ್ಲಿ ಉಳಿದುಬಂದದ್ದು ಮಾತ್ರ ಅದರ ಹದವಾದ ರೂಪ. ಲಿಂಗಾಯತ ಮನೆಗಳಲ್ಲಿ ಇಂದಿಗೂ ಎದುರಾದವರಿಬ್ಬರೂ ‘ಶರಣು ಶರಣಾರ್ಥಿ’ ಎಂದು ಪೂರ್ತಿ ಮಾತನ್ನೇ ಹೇಳಿಕೊಳ್ಳುತ್ತಾರೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಹಿರಿಯರ ಹರಕೆಗೆ ಈ ಸಮಾನತೆಯ ಸೂತ್ರ ಒಗ್ಗುವುದಿಲ್ಲ. ಅಜ್ಜಿ ‘ನೂರು ವರ್ಷ ಬಾಳು ಮಗಾ’ ಎಂದರೆ ಮೊಮ್ಮಗ ‘ನೀನೂ ನೂರು ವರ್ಷ ಬಾಳಜ್ಜಿ’ ಎಂದು ಆಶೀರ್ವದಿಸುವ ವಾಡಿಕೆ ನಮ್ಮಲ್ಲಿಲ್ಲ. ಹರಕೆ ಮೇಲಿನಿಂದ ಕೆಳಗಿಳಿಯುತ್ತದೆ, ಮರಳುವುದು ನಮಸ್ಕಾರವಾಗಿ. ಕಾಲು ಮುಟ್ಟಿದಾಗ ಹೇಳಿದ ‘ದೀರ್ಘಾಯುಷ್ಯವಾಗಲಿ’ಗೆ ಬಾಗಿದ ತಲೆಯೇ ಉತ್ತರ, ಮಾತು ಬೇಕಿಲ್ಲ. ಮಾತು ಬೇಕಾದಲ್ಲಿ ‘ಎಲ್ಲ ನಿಮ್ಮ ಆಶೀರ್ವಾದ’ ಎನ್ನುವುದುಂಟು. ಬಂದ ಒಳಿತಿನ ಶ್ರೇಯಸ್ಸು ಹೇಳಿದವರಿಗೇ ಹೋಗುವುದರಿಂದ ಆ ಮೂರು ಪದಗಳಲ್ಲಿ ಸ್ವೀಕಾರವೂ ಇದೆ, ಮರಳಿಕೆಯೂ ಇದೆ. ಮುಂದಾಗಲಿರುವ ಒಳಿತನ್ನು ಯಾರಾದರೂ ನುಡಿದರೆ, ‘ಬರುವ ವರ್ಷ ಮನೆ ಕಟ್ಟೇ ಕಟ್ಟುತ್ತೀರಿ’ ಎಂದರೆ, ‘ನಿಮ್ಮ ಬಾಯಿ ಹರಕೆಯಿಂದ ಹಾಗೇ ಆಗಲಿ’ ಎನ್ನಬೇಕು. ‘ಅಯ್ಯೋ, ಎಲ್ಲಿಂದ ಸಾಧ್ಯ’ ಎಂದು ತಳ್ಳಿಹಾಕುವುದು ವಿನಯವೆಂದು ಕೆಲವರು ಎಣಿಸಿದ್ದಾರೆ. ಪ್ರೀತಿಯಿಂದ ಕೊಟ್ಟದ್ದನ್ನು ನೆಲಕ್ಕೆ ಬಿಟ್ಟಂತೆ ಅದು.

ಕೃತಜ್ಞತೆಗೆ ಉತ್ತರಿಸುವ ದಾರಿ ಇದಕ್ಕೆ ಪೂರ್ತಿ ತಿರುವು. ಹರಕೆಯನ್ನು ಕುಗ್ಗಿಸಬಾರದು, ಉಪಕಾರವನ್ನು ಕುಗ್ಗಿಸಲೇಬೇಕು. ‘ಇರಲಿ ಬಿಡಿ’, ‘ಅದರಲ್ಲೇನಿದೆ’, ‘ಅಷ್ಟು ದೊಡ್ಡ ಮಾತು ಯಾಕೆ’ ಎಂಬ ಕನ್ನಡದ ಉತ್ತರಗಳು ಮಾಡಿದ ಸಹಾಯವನ್ನು ಚಿಕ್ಕದಾಗಿಸಿ ಎದುರಿನವರ ಹೊರೆ ಇಳಿಸುತ್ತವೆ. ಧನ್ಯವಾದಕ್ಕೆ ‘ಸ್ವಾಗತ’ ಎಂದು ಬರೆಯುವ ಹೊಸ ರೂಢಿ ಇಂಗ್ಲಿಷಿನ ನೆರಳು. ಕನ್ನಡದಲ್ಲಿ ಸ್ವಾಗತ ಬಾಗಿಲಿಗೆ ಬಂದವರಿಗೆ ಸಲ್ಲುವ ಮಾತು. ಕುಗ್ಗಿಸುವುದರಲ್ಲೂ ಹದ ಬೇಕು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಜೊತೆಗಿದ್ದ ನೆರೆಮನೆಯವರಿಗೆ ಕಣ್ತುಂಬಿ ಕೈಮುಗಿದರೆ ‘ಅದೇನು ಮಹಾ’ ಎನ್ನುವುದು ಆ ಕಣ್ಣೀರನ್ನೂ ಸಣ್ಣದು ಮಾಡುತ್ತದೆ. ಅಲ್ಲಿ ‘ನೀವಾಗಿದ್ದರೂ ಇದನ್ನೇ ಮಾಡುತ್ತಿದ್ದಿರಿ’ ಎಂಬ ಮಾತು ಸರಿಯಾಗಿ ಕೂರುತ್ತದೆ. ಅದು ಉಪಕಾರವನ್ನು ಅಲ್ಲಗಳೆಯದೆ ಇಬ್ಬರನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸುತ್ತದೆ.

ಮೊಬೈಲಿಗೆ ಬರುವ ಹಬ್ಬದ ಹಾರೈಕೆಗಳಿಗೆ ಈಗ ಎಲ್ಲರೂ ಬಳಸುವ ಉತ್ತರ ‘ನಿಮಗೂ’. ಯುಗಾದಿ, ದೀಪಾವಳಿಗಳಂತೆ ಇಬ್ಬರಿಗೂ ಸೇರಿದ ದಿನಕ್ಕೆ ಆ ಒಂದು ಪದ ಸಾಲುತ್ತದೆ. ಹುಟ್ಟುಹಬ್ಬಕ್ಕೋ ಮದುವೆಗೋ ಬಂದ ಹಾರೈಕೆಗೆ ‘ನಿಮಗೂ’ ಎಂದರೆ ಓದದೆ ಉತ್ತರಿಸಿದ್ದು ಬಯಲಾಗುತ್ತದೆ. ಅಲ್ಲಿ ‘ನೆನಪಿಟ್ಟುಕೊಂಡು ಹಾರೈಸಿದ್ದು ಬಹಳ ಸಂತೋಷ’ ಎಂಬ ಒಂದು ಸಾಲಿನೊಂದಿಗೆ ಹೇಳಿದವರ ಹೆಸರೋ ಸಂಬಂಧವಾಚಕವೋ ಇರಬೇಕು, ‘ಅತ್ತಿಗೆ’, ‘ಮೇಷ್ಟ್ರೇ’, ‘ಕಾಕಾ’ ಎಂದು. ನೂರು ಜನರಿಗೆ ಒಟ್ಟಿಗೆ ಕಳಿಸಿದ ಚಿತ್ರಕ್ಕೆ ಕೈಮುಗಿದ ಗುರುತು ಸಾಕು. ತಮಗೊಬ್ಬರಿಗೇ ಬರೆದ ಎರಡು ಸಾಲಿಗೆ ಎರಡು ಸಾಲು ಬರೆಯುವುದು ನ್ಯಾಯ, ಅದು ಒಂದು ದಿನ ತಡವಾದರೂ ಸರಿಯೇ.