ಆಪರೇಷನ್ನಿಗೆ ಮುನ್ನ ಯಾವ ಚೂರ್ಣ ನಿಲ್ಲಿಸಬೇಕು, ಯಾವ ಮಾತ್ರೆ ಬಿಡಬಾರದು?

ಆಪರೇಷನ್ ನಿಗದಿಯಾದ ಮೇಲೆ ಅರಿವಳಿಕೆ ವೈದ್ಯರು ತಪ್ಪದೆ ಕೇಳುವ ಪ್ರಶ್ನೆ: "ಏನೇನು ಮಾತ್ರೆ ತಗೋತೀರಮ್ಮ?" ಬರುವ ಉತ್ತರವೂ ಹೆಚ್ಚೂ ಕಡಿಮೆ ಒಂದೇ: "ಬಿಪಿದು ಒಂದು, ಶುಗರ್‌ದು ಒಂದು. ಅಷ್ಟೇ ಸಾರ್." ಬೆಳಿಗ್ಗೆ ಎದ್ದೊಡನೆ ನುಂಗುವ ಬೆಳ್ಳುಳ್ಳಿ ಕ್ಯಾಪ್ಸೂಲು, ಹಾಲಿಗೆ ಬೆರೆಸಿಕೊಳ್ಳುವ ಅಶ್ವಗಂಧ, ಕೂದಲು ಉದುರದಿರಲೆಂದು ಮಗಳು ತಂದುಕೊಟ್ಟ ಮಾತ್ರೆ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಔಷಧ ಎಂದುಕೊಂಡವರು ಕಡಿಮೆ. ಆದರೆ ಕತ್ತರಿ ಹಾಕುವ ದಿನ ದೇಹದೊಳಗೆ ಅವೂ ಕೆಲಸ ಮಾಡುತ್ತಿರುತ್ತವೆ.

ಉದಾಹರಣೆಗೆ ಅರವತ್ತೆರಡು ವರ್ಷದ ಒಬ್ಬ ಗೃಹಿಣಿ ಎಂದುಕೊಳ್ಳೋಣ. ಇಪ್ಪತ್ತನೇ ತಾರೀಖು ಮಂಡಿ ಕೀಲು ಬದಲಿಸುವ ಆಪರೇಷನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಮನೆಯ ಡಬ್ಬಿಯಲ್ಲಿರುವ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ ಎಂದರೆ ಆಕೆ ತರುವುದು ಇಷ್ಟು: ಬೆಳ್ಳುಳ್ಳಿ ಮತ್ತು ಅರಿಶಿನದ ಕ್ಯಾಪ್ಸೂಲು, 400 ಯೂನಿಟ್ಟಿನ ವಿಟಮಿನ್ ಇ, ಮೀನೆಣ್ಣೆ, ಅಶ್ವಗಂಧ, ಮಧುನಾಶಿನಿ ಪುಡಿ, ಬಯೋಟಿನ್, ಜೊತೆಗೆ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮತ್ತು ಬಿ12.

ಮೊದಲಿಗೆ ರಕ್ತಸ್ರಾವದ ಗುಂಪು. ಗಾಯವಾದಾಗ ರಕ್ತದಲ್ಲಿರುವ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ತಡೆಯುತ್ತವೆ. ಸಾರೀಕರಿಸಿದ ಬೆಳ್ಳುಳ್ಳಿಯಲ್ಲಿರುವ ಒಂದು ರಾಸಾಯನಿಕ ಈ ಅಂಟುವ ಗುಣವನ್ನೇ ಕೆಡಿಸಬಲ್ಲದು. ಹಾಗೆ ಕೆಟ್ಟ ಕಿರುಬಿಲ್ಲೆ ಮತ್ತೆ ಸರಿಹೋಗುವುದಿಲ್ಲ. ಅದು ಸತ್ತು ಹೊಸದು ಹುಟ್ಟಬೇಕು. ಕಿರುಬಿಲ್ಲೆಯ ಆಯಸ್ಸು ಏಳರಿಂದ ಹತ್ತು ದಿನ. ಬೆಳ್ಳುಳ್ಳಿ ಕ್ಯಾಪ್ಸೂಲನ್ನು ಕನಿಷ್ಠ ಏಳು ದಿನ ಮುಂಚೆ ನಿಲ್ಲಿಸಿ ಎನ್ನುವುದರ ಹಿಂದಿರುವ ಲೆಕ್ಕ ಇದೇ. ಹಿಂದಿನ ರಾತ್ರಿ ಬಿಟ್ಟರೆ ಪ್ರಯೋಜನವಿಲ್ಲ. ಹೆಚ್ಚಿನ ಪ್ರಮಾಣದ ವಿಟಮಿನ್ ಇ ಕೂಡ ಕಿರುಬಿಲ್ಲೆಗಳನ್ನು ಮಂದಗೊಳಿಸುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ವಿಟಮಿನ್ ಕೆಯ ಕೆಲಸಕ್ಕೆ ಅಡ್ಡಬರುತ್ತದೆ. ಅರಿಶಿನದ ಸಾರ, ಶುಂಠಿಯ ಸಾರ, ಗಿಂಕ್ಗೊ, ಜಿನ್‌ಸೆಂಗ್ ಇವೂ ಇದೇ ಪಂಕ್ತಿಯವು. ಒಗ್ಗರಣೆಯ ನಾಲ್ಕು ಎಸಳು ಬೆಳ್ಳುಳ್ಳಿ, ಸಾರಿನ ಅರಿಶಿನ ಈ ಮಾತಿಗೆ ಸೇರುವುದಿಲ್ಲ. ಅಡುಗೆ ಎಂದಿನಂತೆ ನಡೆಯಲಿ.

ಹಾಗೆಂದು ಗಾಬರಿ ಬೇಡ. ಹಿಂದಿನ ದಿನ ಬೆಳ್ಳುಳ್ಳಿ ಕ್ಯಾಪ್ಸೂಲು ನುಂಗಿದ್ದರು ಎಂಬ ಒಂದೇ ಕಾರಣಕ್ಕೆ ಬೆನ್ನಿನ ಇಂಜೆಕ್ಷನ್ ರದ್ದಾಗಬೇಕಿಲ್ಲ. ತೊಡಕಾಗುವುದು ಅದು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆಯ ಜೊತೆ ಕೂಡಿಕೊಂಡಾಗ. ವೈದ್ಯರಿಗೆ ಗೊತ್ತಿದ್ದರೆ ಅದನ್ನು ತೂಗಿ ನೋಡುತ್ತಾರೆ. ಮೀನೆಣ್ಣೆಯ ವಿಷಯದಲ್ಲಂತೂ ಹಳೆಯ ಭಯ ಈಚೆಗೆ ಕಡಿಮೆಯಾಗಿದೆ. ಹೃದಯ ಶಸ್ತ್ರಚಿಕಿತ್ಸೆಗೊಳಗಾದ ಸುಮಾರು 1,500 ಜನರನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಮೀನೆಣ್ಣೆಯಿಂದ ರಕ್ತಸ್ರಾವ ಹೆಚ್ಚಿದ್ದು ಕಾಣಲಿಲ್ಲ. ಆದರೂ ನಿಲ್ಲಿಸಿ ಎನ್ನುವ ಆಸ್ಪತ್ರೆಗಳಿವೆ. ನಿಮ್ಮ ಆಸ್ಪತ್ರೆ ಹೇಳಿದಂತೆ ನಡೆದುಕೊಳ್ಳಿ.

ಎರಡನೆಯದು ಅಶ್ವಗಂಧ. ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಜನ ಇದನ್ನು ಹೊಗಳುತ್ತಾರೆ. ಅರಿವಳಿಕೆ ವೈದ್ಯರಿಗೆ ಚಿಂತೆಯೂ ಅದೇ. ಮಂಪರು ಬರಿಸಲು ಕೊಡುವ ಔಷಧದ ಜೊತೆ ಇದೂ ಸೇರಿದರೆ ಮಂಪರು ಎಣಿಸಿದ್ದಕ್ಕಿಂತ ಗಾಢವಾಗಬಹುದು. ಥೈರಾಯ್ಡ್ ಹಾರ್ಮೋನನ್ನೂ ಇದು ಏರಿಸಬಲ್ಲದು. ಎರಡು ವಾರ ಮುಂಚೆ ಬಿಡುವುದು ಕ್ಷೇಮ. ಕೆಮ್ಮಿನ ಕಷಾಯದಲ್ಲಿರುವ ಜ್ಯೇಷ್ಠಮಧುವಿಗೂ ಇದೇ ಅವಧಿ. ಬಹಳ ದಿನ ಕುಡಿದರೆ ಅದು ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತದ ಲಯವೇ ತಪ್ಪಬಹುದು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಬಂದು, ಕಾಲಲ್ಲಿ ಊತವೂ ಇದ್ದರೆ ಕಷಾಯದ ಬಗ್ಗೆ ವೈದ್ಯರಿಗೆ ಹೇಳಲೇಬೇಕು.

ಮಧುನಾಶಿನಿಯ ಕಥೆ ಬೇರೆ. ಆಪರೇಷನ್ ದಿನ ಹೊಟ್ಟೆ ಖಾಲಿ ಇಡಬೇಕು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಇಳಿಸುವ ಪುಡಿ ಕೆಲಸ ಮಾಡುತ್ತಿದ್ದರೆ ರಕ್ತದ ಸಕ್ಕರೆ ಕುಸಿಯಬಹುದು. ಎಚ್ಚರದಲ್ಲಿದ್ದವರಿಗೆ ಬೆವರು, ನಡುಕ ಬಂದು ಗೊತ್ತಾಗುತ್ತದೆ. ಮಂಪರಿನಲ್ಲಿರುವವರು ಹೇಳಲಾರರು. ಮೆಂತ್ಯದ ಪುಡಿ, ಹಾಗಲಕಾಯಿ ರಸವನ್ನು ಔಷಧವಾಗಿ ಸೇವಿಸುವವರಿಗೂ ಇದು ಅನ್ವಯ. ಎರಡು ವಾರ ಮೊದಲೇ ಬಿಟ್ಟರೆ ಇನ್ನೊಂದು ಅನುಕೂಲವಿದೆ. ಬಿಟ್ಟ ಮೇಲೆ ಶುಗರ್ ಏರಿದರೆ ಮನೆಯ ಮೀಟರಿನಲ್ಲೇ ತಿಳಿಯುತ್ತದೆ, ಮಾತ್ರೆಯ ಪ್ರಮಾಣ ಬದಲಿಸಲು ವೈದ್ಯರಿಗೆ ಸಮಯವೂ ಸಿಗುತ್ತದೆ.

ಬಯೋಟಿನ್ ರಕ್ತಸ್ರಾವಕ್ಕೆ ಕಾರಣವಲ್ಲ, ಅದು ಲ್ಯಾಬಿನ ವರದಿಯನ್ನು ದಾರಿ ತಪ್ಪಿಸುತ್ತದೆ. ದಿನಕ್ಕೆ ನಮಗೆ ಬೇಕಾದದ್ದು 30 ಮೈಕ್ರೋಗ್ರಾಂ ಅಷ್ಟೇ. ಕೂದಲಿನ ಮಾತ್ರೆಯಲ್ಲಿ 10 ಮಿಲಿಗ್ರಾಂ ಇರುವುದುಂಟು, ಅಂದರೆ ಮುನ್ನೂರು ಪಟ್ಟಿಗೂ ಹೆಚ್ಚು. ಕೆಲವು ಪರೀಕ್ಷಾ ಯಂತ್ರಗಳು ಬಯೋಟಿನ್ ಬಳಸಿಯೇ ಕೆಲಸ ಮಾಡುತ್ತವೆ. ರಕ್ತದಲ್ಲೂ ಅದೇ ತುಂಬಿದ್ದರೆ ಅಂಕಿ ತಪ್ಪುತ್ತದೆ. ಥೈರಾಯ್ಡ್ ಸರಿಯಿದ್ದವರಿಗೂ ಹೆಚ್ಚಾಗಿದೆ ಎಂದು ಬರಬಹುದು. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಇರುವುದಕ್ಕಿಂತ ಕಡಿಮೆ ಕಾಣಬಹುದು. ಅಮೆರಿಕದ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಇಲ್ಲಿ ದಿನ ಎಣಿಸಬೇಕಾದ್ದು ಆಪರೇಷನ್ನಿನಿಂದಲ್ಲ, ರಕ್ತ ಕೊಡುವ ದಿನದಿಂದ: ಕನಿಷ್ಠ ಮೂರು ದಿನ ಮುಂಚೆ.

ಒಂದೊಂದಕ್ಕೆ ಒಂದೊಂದು ಅವಧಿ ಇರುವಾಗ ಎಲ್ಲಕ್ಕೂ ಎರಡು ವಾರ ಏಕೆ? 2001ರಲ್ಲಿ ಚಿಕಾಗೊ ವಿಶ್ವವಿದ್ಯಾಲಯದ ವೈದ್ಯರು ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನ ಬೆಳ್ಳುಳ್ಳಿ, ಜಿನ್‌ಸೆಂಗಿಗೆ ಏಳು ದಿನ, ಗಿಂಕ್ಗೊಗೆ 36 ಗಂಟೆ ಎಂದು ಬಿಡಿಬಿಡಿಯಾಗಿ ಹೇಳಿತ್ತು. ಆದರೆ ಅಂಗಡಿಯ ಒಂದು ಡಬ್ಬಿಯಲ್ಲಿ ಹತ್ತಾರು ಮೂಲಿಕೆ ಬೆರೆತಿರುತ್ತವೆ. ಅವುಗಳಲ್ಲಿ ಅನೇಕವು ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತವೆಂದು ಅಳೆದವರಿಲ್ಲ. ಹೀಗಾಗಿ ಎಲ್ಲ ಗಿಡಮೂಲಿಕೆಗೂ ಎರಡು ವಾರ ಎನ್ನುವುದು ನೆನಪಿಡಲೂ ಸುಲಭವಾದ, ಧಾರಾಳವಾದ ಗೆರೆ.

ನಮ್ಮ ಗೃಹಿಣಿಯ ಕ್ಯಾಲೆಂಡರು ಹೀಗಾಗುತ್ತದೆ. ಐದನೇ ತಾರೀಖು ಬೆಳ್ಳುಳ್ಳಿ, ಅರಿಶಿನ, ವಿಟಮಿನ್ ಇ, ಅಶ್ವಗಂಧ, ಮಧುನಾಶಿನಿಯ ಕೊನೆಯ ದಿನ. ರಕ್ತಪರೀಕ್ಷೆ ಹತ್ತಕ್ಕಿದ್ದರೆ ಬಯೋಟಿನ್ ಕೂಡ ಅಂದೇ ಮುಗಿಯಲಿ. ಕಬ್ಬಿಣಾಂಶ, ಬಿ12, ಕ್ಯಾಲ್ಸಿಯಂ ಮಾತ್ರ ಹತ್ತೊಂಬತ್ತರವರೆಗೆ ನಡೆಯಲಿ. ರಕ್ತ ಕಡಿಮೆಯಿದೆ ಎಂದು ವೈದ್ಯರೇ ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು "ಎಲ್ಲ ನಿಲ್ಲಿಸಿ ಎಂದರು" ಎಂದು ಬಿಟ್ಟರೆ, ಆಪರೇಷನ್ನಿನಲ್ಲಿ ಹೋಗುವ ರಕ್ತವನ್ನು ತಾಳಿಕೊಳ್ಳುವ ಶಕ್ತಿಯೇ ಕುಂದುತ್ತದೆ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನೂ, ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್ನನ್ನೂ ಸ್ವಂತ ತೀರ್ಮಾನದಿಂದ ಬಿಡಬಾರದು. ಆಯುರ್ವೇದ ವೈದ್ಯರು ಯಾವುದೋ ಕಾಯಿಲೆಗೆ ಬರೆದುಕೊಟ್ಟ ಔಷಧವಿದ್ದರೆ ಅವರಿಗೂ ಆಪರೇಷನ್ ತಾರೀಖು ತಿಳಿಸಿ.

ಡಬ್ಬಿ ಮತ್ತೆ ತೆರೆಯುವುದು ಯಾವಾಗ? ಹೊಲಿಗೆ ಬಿಚ್ಚಿದ ತಕ್ಷಣವಲ್ಲ. ಮಂಡಿ ಕೀಲು ಬದಲಿಸಿದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೆಲವು ವಾರ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಇಂಜೆಕ್ಷನ್ ಕೊಡುತ್ತಾರೆ. ಬೆಳ್ಳುಳ್ಳಿ, ಅರಿಶಿನ, ವಿಟಮಿನ್ ಇ ಅದರ ಜೊತೆ ಸೇರುವುದು ಆಪರೇಷನ್ನಿಗೆ ಮುಂಚಿನದಕ್ಕಿಂತ ಹೆಚ್ಚು ಅಪಾಯ. ಆ ಮಾತ್ರೆಯ ಕೊನೆಯ ದಿನ ಯಾವುದೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕ್ಯಾಪ್ಸೂಲುಗಳ ಮಾತು ಅದು ಮುಗಿದ ಮೇಲೆ.