ಸಿಂದಗಿಯಿಂದ ಒಂದು ಪೋಸ್ಟ್: ನುಡಿಯಿಂದ ಯೂನಿಕೋಡ್‌ಗೆ

ಹೊಸದಾಗಿ ಸ್ವತಂತ್ರ ಕೆಲಸ ಶುರುಮಾಡಿದವರು ಲಿಂಕ್ಡ್‌ಇನ್‌ನಲ್ಲಿ ‘ನಂಬರ್ ಒನ್ ಸೇವೆ, ನೂರಕ್ಕೆ ನೂರು ನಿಖರ’ ಎಂದು ಬರೆಯದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ ಇದೆ. ಕೆಲಸದ ಒಳಗೆ ಇಳಿದು ನೋಡಿದರೆ ಅದು ನಿಲ್ಲುವುದಿಲ್ಲ.

ಸಿಂದಗಿಯಲ್ಲಿ ಡಿಟಿಪಿ ಮಾಡುತ್ತಿದ್ದ ಒಬ್ಬರು ನುಡಿಯ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಡುವ ಕೆಲಸ ಶುರುಮಾಡುತ್ತಾರೆ ಎಂದುಕೊಳ್ಳಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪ್ರೆಸ್‌ಗಳಲ್ಲಿ, ಸಂಘಗಳಲ್ಲಿ ಇಂಥ ಕಡತ ಇಟ್ಟುಕೊಂಡವರೇ ಅವರ ಗಿರಾಕಿಗಳು. ಹಳೆಯ ನುಡಿ ಫಾಂಟ್‌ನಲ್ಲಿ ‘ಕರ್ನಾಟಕ’ ಎಂದು ಕಾಣುವ ಪದ ಕಡತದೊಳಗೆ ಉಳಿದಿರುವುದು PÀ£ÁðlPÀ ಎಂದು. ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ತೆರೆದರೆ ಇದೇ ಕಾಣುತ್ತದೆ, ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಪರಿವರ್ತಕ ತಂತ್ರಾಂಶ ಇದನ್ನು ಕ್ಷಣದಲ್ಲಿ ಬದಲಿಸುತ್ತದೆ, ಆದರೆ ತಪ್ಪದೆ ಅಲ್ಲ. ಹಳೆಯ ಕಡತದಲ್ಲಿ ಅರ್ಕಾವತ್ತಿನ ಗುರುತು (ð) ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಆ ಸ್ಥಳಾಂತರದಲ್ಲಿ ಎಡವಟ್ಟಾಗುತ್ತದೆ. ನಡುವೆ ಬೇರೆ ಫಾಂಟ್‌ನಲ್ಲಿ ಬರೆದ ಇಂಗ್ಲಿಷ್ ಹೆಸರಿದ್ದರೆ ಅದನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಇದನ್ನೆಲ್ಲ ಮೂಲದ ಪಕ್ಕ ಇಟ್ಟು ಕಣ್ಣಿಂದಲೇ ಓದಿ ತಿದ್ದಬೇಕು. ಹಣ ಕೇಳುವುದು ಆ ಓದಿಗೆ. ‘ನೂರಕ್ಕೆ ನೂರು’ ಎಂದವರನ್ನು ಗಿರಾಕಿ ಒಂದೇ ಪುಟ ಕಳಿಸಿ ಪರೀಕ್ಷಿಸಬಹುದು.

ಹಾಗಾಗಿ ಪೋಸ್ಟ್ ಹೀಗಿರಲಿ:

‘ನುಡಿಯಲ್ಲಿ ಟೈಪ್ ಮಾಡಿದ ನಿಮ್ಮ ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸಿ, ಮೂಲದೊಂದಿಗೆ ಒಮ್ಮೆ ಓದಿ ತಿದ್ದಿ ಕೊಡುತ್ತೇನೆ. ಪುಟಕ್ಕೆ ₹12. ದಿನಕ್ಕೆ 40 ಪುಟ. ಕೋಷ್ಟಕಗಳಿದ್ದರೆ ದರ ಬೇರೆ, ಮೊದಲೇ ಹೇಳುತ್ತೇನೆ. ಕೈಬರಹ ಟೈಪ್ ಮಾಡುವುದಿಲ್ಲ. ಒಪ್ಪಿಸಿದ 7 ದಿನದೊಳಗೆ ತೋರಿಸಿದ ತಪ್ಪುಗಳನ್ನು ಉಚಿತವಾಗಿ ತಿದ್ದುತ್ತೇನೆ. ಊರು ಸಿಂದಗಿ.’

ದರ ಬರೆದರೆ ಗಿರಾಕಿ ಓಡಿಹೋಗುತ್ತಾನೆ, ‘ಇನ್‌ಬಾಕ್ಸ್‌ನಲ್ಲಿ ಕೇಳಿ’ ಎನ್ನಬೇಕು ಎಂಬುದು ಇನ್ನೊಂದು ತಪ್ಪು ಕಲ್ಪನೆ. 120 ಪುಟದ ಸ್ಮರಣ ಸಂಚಿಕೆ ಇರುವವರು ಮೇಲಿನ ಸಾಲು ಓದಿದರೆ ₹1,440, ಮೂರು ದಿನ ಎಂದು ತಾವೇ ಲೆಕ್ಕ ಹಾಕುತ್ತಾರೆ. ಒಪ್ಪಿಗೆಯಾಗದವರು ಬರುವುದಿಲ್ಲ, ಬಂದವರೊಂದಿಗೆ ಚೌಕಾಸಿ ಕಡಿಮೆ. ‘ಮಾಡುವುದಿಲ್ಲ’ ಎಂಬ ಸಾಲು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಜಗಳ ಹುಟ್ಟುವುದು ಹೇಳದೆ ಬಿಟ್ಟ ಕೆಲಸದಲ್ಲೇ.

ಸಿಂದಗಿ ಎನ್ನುವ ಬದಲು ಬೆಂಗಳೂರು ಎಂದು ಹಾಕುವವರೂ ಇದ್ದಾರೆ. ಕಡತ ಮೇಲ್‌ನಲ್ಲಿ ಬರುವ ಈ ಕೆಲಸಕ್ಕೆ ಊರು ಅಡ್ಡಿಯಲ್ಲ. ಹಳೆಯ ಸಿ.ಡಿ.ಯನ್ನು ಕೈಯಲ್ಲೇ ತಂದು ಕೊಡುವ ಬಾಗೇವಾಡಿಯ ಗಿರಾಕಿಗೆ ಸಿಂದಗಿ ಬೆಂಗಳೂರಿಗಿಂತ ಬಹಳ ಹತ್ತಿರ.

ಪೋಸ್ಟ್ ಹಾಕುವ ಮೊದಲು ಅರ್ಕಾವತ್ತು ಹೆಚ್ಚಿರುವ ಹತ್ತು ಪುಟಗಳನ್ನು ನೀವೇ ಬದಲಿಸಿ, ತಿದ್ದಲು ಹಿಡಿದ ಸಮಯ ಬರೆದಿಟ್ಟುಕೊಳ್ಳಿ. ದರವನ್ನೂ ದಿನಕ್ಕೆ ಎಷ್ಟು ಪುಟ ಎಂಬುದನ್ನೂ ಅದರಿಂದಲೇ ನಿರ್ಧರಿಸಿ.