ಅಳಿಸಿಹೋದ ಪುಟ, ಸಾಲುಸಾಲಾಗಿ ಬಂದ ಲೆಕ್ಕ

ಭಾನುವಾರ ರಾತ್ರಿ ಎಂಟೂವರೆಗೆ ನನ್ನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಮಿಸ್, ನನ್ನ ಲೆಕ್ಕ ನೋಡಿದ್ರಾ? ವರ್ಗಮೂಲಾನೇ ಸರಿಯಾಗಿ ಬರ್ತಿಲ್ಲ." ಮಕ್ಕಳು ಮನೆಗೆಲಸದ ಫೋಟೊ ಹಾಕಲೆಂದು ಮಾಡಿಕೊಟ್ಟಿದ್ದ ಫೋಲ್ಡರ್ ತೆರೆದು ನೋಡಿದೆ. ಅವಳ ಪುಟ ಅಲ್ಲಿರಲಿಲ್ಲ. ಜಾಗ ತುಂಬಿತೆಂದು ಯಾರೋ ಚಿತ್ರಗಳನ್ನು ಅಳಿಸಿದ್ದರು, ಅದರ ಜೊತೆಗೆ ಇವಳದೂ ಹೋಗಿತ್ತು. ಇನ್ನೊಮ್ಮೆ ಫೋಟೊ ತೆಗೆದು ಕಳಿಸು ಎಂದರೆ ಅವಳ ಊರಿನ ನೆಟ್‌ವರ್ಕಿನಲ್ಲಿ ಅದು ಸುತ್ತುತ್ತಲೇ ಇತ್ತು. ಮೆಸೇಜ್ ಮಾತ್ರ ತಡವಿಲ್ಲದೆ ಬರುತ್ತಿತ್ತು. ಮರುದಿನವೇ ಕಿರುಪರೀಕ್ಷೆ. "ನೋಟ್‌ಬುಕ್ ಮುಂದಿಟ್ಕೊಂಡು ಒಂದೊಂದೇ ಸಾಲು ಟೈಪ್ ಮಾಡಿ ಕಳ್ಸು" ಎಂದೆ.

ಮೊದಲ ಸಾಲು ಹೀಗೆ ಬಂತು:

```
1/x+4 - 1/x-7 = 11/30
```

ಹತ್ತನೇ ತರಗತಿಯ ವರ್ಗ ಸಮೀಕರಣಗಳ ಪಾಠ ಮಾಡಿದವರಿಗೆ ಇದು ಯಾವ ಲೆಕ್ಕವೆಂದು ತಕ್ಷಣ ಗೊತ್ತಾಗುತ್ತದೆ. ಆದರೆ ಬರೆದದ್ದನ್ನು ಬರೆದಂತೆಯೇ ಓದಿದರೆ ಇದು ಆ ಲೆಕ್ಕವೇ ಅಲ್ಲ. ಒಂದನ್ನು x ನಿಂದ ಭಾಗಿಸಿ ನಾಲ್ಕು ಕೂಡಿಸು, ಮತ್ತೆ ಒಂದನ್ನು x ನಿಂದ ಭಾಗಿಸಿ ಕಳೆ, ಏಳು ಕಳೆ ಎಂದು ಅದರ ಅರ್ಥ. ಎರಡು 1/x ಗಳೂ ಹೊಡೆದುಹೋಗಿ ಎಡಗಡೆ ಉಳಿಯುವುದು ಬರೀ −3. ಅದು 11/30ಕ್ಕೆ ಸಮ ಆಗುವುದಂತೂ ಸಾಧ್ಯವಿಲ್ಲ.

ಹುಡುಗಿ ತಪ್ಪು ಬರೆದಿರಲಿಲ್ಲ. ಕಾಗದದ ಮೇಲೆ ಭಿನ್ನರಾಶಿ ಬರೆಯುವಾಗ ನಾವು ಎಳೆಯುವ ಅಡ್ಡಗೆರೆ ಎರಡು ಕೆಲಸ ಮಾಡುತ್ತದೆ. ಭಾಗಿಸು ಎನ್ನುವುದು ಒಂದು. ಕೆಳಗಿರುವ x + 4 ಇಡಿಯಾಗಿ ಒಂದೇ ಸಂಖ್ಯೆ, ಅದನ್ನು ಬಿಡಿಸಬೇಡ ಎನ್ನುವುದು ಇನ್ನೊಂದು. ಅಂದರೆ ಆ ಗೆರೆ ಕಣ್ಣಿಗೆ ಕಾಣದ ಬ್ರಾಕೆಟ್ಟೂ ಹೌದು. ಫೋನಿನಲ್ಲಿ ಎಲ್ಲವನ್ನೂ ಒಂದೇ ಸಾಲಿಗೆ ತಂದಾಗ ಅಡ್ಡಗೆರೆ ಓರೆಗೆರೆಯಾಗುತ್ತದೆ. ಭಾಗಿಸುವ ಕೆಲಸವನ್ನು ಓರೆಗೆರೆ ಮಾಡುತ್ತದೆ, ಕಟ್ಟಿಹಿಡಿಯುವ ಕೆಲಸ ಅದಕ್ಕೆ ಬಾರದು. ಅದನ್ನು ನಾವೇ ಬ್ರಾಕೆಟ್ ಹಾಕಿ ಮಾಡಬೇಕು.

ಹಾಗಾಗಿ ಅವಳಿಗೆ ಒಂದೇ ನಿಯಮ ಹೇಳಿದೆ: ಗೆರೆಯ ಮೇಲೆ ಒಂದಕ್ಕಿಂತ ಹೆಚ್ಚು ಪದವಿದ್ದರೆ ಅದಕ್ಕೊಂದು ಬ್ರಾಕೆಟ್, ಕೆಳಗಿದ್ದರೆ ಅದಕ್ಕೂ ಒಂದು. ಕೆಳಗೆ ಎರಡು ಬ್ರಾಕೆಟ್‌ಗಳ ಗುಣಲಬ್ಧವಿದ್ದರೆ ಆ ಎರಡನ್ನೂ ಸುತ್ತಿ ಇನ್ನೊಂದು. ಈ ಕೊನೆಯದನ್ನು ದೊಡ್ಡವರೂ ಮರೆಯುತ್ತಾರೆ. −11/(7)(−4) ಎಂದು ಬರೆದರೆ −11 ಅನ್ನು 7ರಿಂದ ಭಾಗಿಸಿ ಬಂದದ್ದನ್ನು −4 ರಿಂದ ಗುಣಿಸು ಎಂದೂ ಓದಬಹುದು. ಆಗ 44/7 ಸಿಗುತ್ತದೆ. ನಮಗೆ ಬೇಕಿದ್ದದ್ದು 11/28. ಗುಣಾಕಾರಕ್ಕೆ ನಕ್ಷತ್ರದ ಗುರುತು ಬೇಡ, ಬ್ರಾಕೆಟ್ಟೇ ಸಾಕು ಎಂದೂ ಹೇಳಿದೆ. ವಾಟ್ಸ್ಆ್ಯಪ್‌ನಲ್ಲಿ ಎರಡು ನಕ್ಷತ್ರಗಳ ನಡುವೆ ಸಿಕ್ಕ ಪದ ದಪ್ಪಕ್ಷರವಾಗಿ, ನಕ್ಷತ್ರಗಳೇ ಮಾಯವಾಗುವುದುಂಟು.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಪುಸ್ತಕದಲ್ಲಿ ಏನಿದೆಯೋ ಅದನ್ನೇ ಟೈಪ್ ಮಾಡಬೇಕು. ಟೈಪ್ ಮಾಡುವಾಗ ತಪ್ಪು ಕಂಡರೆ ತಿದ್ದಬಾರದು, ಆ ಸಾಲನ್ನು ಹಾಗೇ ಕಳಿಸಿ ಕೆಳಗೆ "ಇಲ್ಲಿ ತಪ್ಪಿದ್ದೇನೆ ಅನ್ಸುತ್ತೆ" ಎಂದು ಬರೆಯಬೇಕು. ಮಕ್ಕಳು ಟೈಪ್ ಮಾಡುತ್ತಲೇ ತಿದ್ದಿಬಿಟ್ಟರೆ ನನಗೆ ಸರಿಯಾದ ಲೆಕ್ಕ ಬರುತ್ತದೆ, ಅವರ ಪುಸ್ತಕದಲ್ಲಿ ತಪ್ಪು ಲೆಕ್ಕ ಉಳಿಯುತ್ತದೆ. ಎಲ್ಲಿ ಎಡವಿದರು ಎಂಬುದು ಇಬ್ಬರಿಗೂ ತಿಳಿಯದೇ ಹೋಗುತ್ತದೆ.

ಎರಡನೇ ಸಲ ಪೂರ್ತಿ ಲೆಕ್ಕ ಬಂತು:

```
1/(x+4) - 1/(x-7) = 11/30
(x-7-x+4)/((x+4)(x-7)) = 11/30
-3/((x+4)(x-7)) = 11/30
-90 = 11(x^2-3x-28)
11x^2-33x-218 = 0
```

ಕೆಳಗೆ, "ಶೋಧಕ 10681 ಬಂತು ಮಿಸ್, ಮುಂದೆ ಹೋಗ್ತಿಲ್ಲ." 103ರ ವರ್ಗ 10609, 104ರ ವರ್ಗ 10816. ಅವಳ ಸಂಖ್ಯೆ ಇವೆರಡರ ನಡುವೆ ಸಿಕ್ಕಿಕೊಂಡಿತ್ತು.

ಈಗ ಎರಡನೇ ಸಾಲನ್ನು ನೋಡಿ. ಅಂಶದಲ್ಲಿ x−7−x+4 ಎಂದಿದೆ. ಇರಬೇಕಾದದ್ದು (x−7)−(x+4). ಬ್ರಾಕೆಟ್ಟಿನ ಮುಂದಿರುವ ಕಳೆಯುವ ಚಿಹ್ನೆ ಒಳಗಿನ ನಾಲ್ಕಕ್ಕೂ ತಗಲಬೇಕು. ಆಗ x−7−x−4, ಅಂದರೆ −11. ಆದರೆ ಈ ಒಂದು ಸಾಲನ್ನು ಮಾತ್ರ ನೋಡಿ ಅವಳು ತಪ್ಪಿದ್ದಾಳೆ ಎಂದು ಹೇಳುವ ಹಾಗಿರಲಿಲ್ಲ. ಮೊದಲ ಸಾಲಿನಲ್ಲಿ ಆದಂತೆ ಇಲ್ಲಿಯೂ ಪುಸ್ತಕದಲ್ಲಿದ್ದ ಬ್ರಾಕೆಟ್ ಟೈಪ್ ಮಾಡುವಾಗ ಬಿಟ್ಟುಹೋಗಿರಬಹುದಲ್ಲ?

ಮೂಲ ಪುಟ ಕಣ್ಣಮುಂದೆ ಇಲ್ಲದಾಗ ಪದೇಪದೇ ಎದುರಾಗುವ ತೊಡಕು ಇದೇ. ತಪ್ಪು ಕೈಬರಹದ್ದೋ ಟೈಪಿಂಗಿನದ್ದೋ? ಇದಕ್ಕೆ ಉತ್ತರ ಮುಂದಿನ ಸಾಲಿನಲ್ಲಿರುತ್ತದೆ. ಟೈಪ್ ಮಾಡುವಾಗ ಮಾತ್ರ ಬ್ರಾಕೆಟ್ ಬಿಟ್ಟಿದ್ದರೆ ಆ ತಪ್ಪು ಆ ಸಾಲಿನಲ್ಲೇ ನಿಲ್ಲುತ್ತದೆ. ಮುಂದಿನ ಸಾಲು ಪುಸ್ತಕದ ಸರಿಯಾದ ಸಾಲಿನಿಂದ ಹುಟ್ಟಿದ್ದು, ಅಲ್ಲಿ −11 ಇರುತ್ತದೆ. ಲೆಕ್ಕ ಮಾಡುವಾಗಲೇ ತಪ್ಪಿದ್ದರೆ ಅದು ಕೆಳಗಿನ ಸಾಲಿಗೂ ಇಳಿಯುತ್ತದೆ. ಇಲ್ಲಿ ಮೂರನೇ ಸಾಲಿನಲ್ಲಿ −3 ಇತ್ತು. ತಪ್ಪು ಪುಸ್ತಕದ್ದೇ ಎಂದು ಖಚಿತವಾಯಿತು. ಅದಕ್ಕೇ ನಾನು "ತಪ್ಪಾದ ಸಾಲು ಮಾತ್ರ ಕಳ್ಸು" ಎಂದು ಯಾವತ್ತೂ ಹೇಳುವುದಿಲ್ಲ. ಹಿಂದಿನದೂ ಮುಂದಿನದೂ ಇಲ್ಲದ ಒಂಟಿ ಸಾಲನ್ನು ನಂಬುವಂತಿಲ್ಲ.

ಹುಡುಗಿ ಒಪ್ಪಲಿಲ್ಲ. "ಸರಿಯಾಗೇ ಇದೆಯಲ್ಲಾ ಮಿಸ್, x ಗೆ x ಹೋಯ್ತು, −7 ಗೆ 4 ಕೂಡಿಸಿದ್ರೆ −3." ಫೋನಿನಲ್ಲಿ ಚಿಹ್ನೆಯ ನಿಯಮವನ್ನು ಇನ್ನೊಮ್ಮೆ ಪಾಠ ಮಾಡುವ ಬದಲು, x ಜಾಗದಲ್ಲಿ 3 ಇಟ್ಟು ಎರಡೂ ಸಾಲಿನ ಎಡಗಡೆ ಮಾತ್ರ ಲೆಕ್ಕ ಹಾಕು ಎಂದೆ. ಫೋನಿನ ಕ್ಯಾಲ್ಕುಲೇಟರ್ ಬ್ರಾಕೆಟ್ ತೆಗೆದುಕೊಳ್ಳುತ್ತದೆ, ಸಾಲನ್ನು ಟೈಪ್ ಮಾಡಿದಂತೆಯೇ ಒತ್ತಿದರೆ ಸಾಕು.

```
1/(3+4) - 1/(3-7)            0.392857
(3-7-3+4)/((3+4)(3-7))       0.107142
```

ಮೊದಲನೆಯದು 11/28, ಎರಡನೆಯದು 3/28. ಒಂದೇ ಬೆಲೆಯನ್ನು ಬೇರೆ ರೂಪದಲ್ಲಿ ಬರೆದದ್ದು ನಿಜವಾದರೆ x ಎಷ್ಟೇ ಆಗಿರಲಿ, ಎರಡೂ ಸಾಲು ಒಂದೇ ಸಂಖ್ಯೆ ಕೊಡಬೇಕಿತ್ತು. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, "ಅಯ್ಯೋ, ಮೈನಸ್ ಒಳಗೆ ಹೋಗ್ಬೇಕಿತ್ತು."

ಈ ಸಂಖ್ಯೆ ಇಟ್ಟು ನೋಡುವ ಉಪಾಯಕ್ಕೆ ಮಿತಿಗಳಿವೆ, ಅವನ್ನು ತಿಳಿಯದೆ ಬಳಸಿದರೆ ಸರಿಯಾದ ಸಾಲನ್ನೇ ತಪ್ಪೆಂದು ಹೊಡೆದುಹಾಕಿಬಿಡುತ್ತೇವೆ. ಛೇದ ಸೊನ್ನೆಯಾಗುವ ಸಂಖ್ಯೆ ಆಗದು, ಇಲ್ಲಿ −4 ಮತ್ತು 7. ಸೊನ್ನೆ, ಒಂದು ಇವೂ ಒಳ್ಳೆಯ ಆಯ್ಕೆಯಲ್ಲ. x ಒಂದಾದರೆ ಅದರ ವರ್ಗವೂ ಒಂದೇ, ಘನವೂ ಒಂದೇ, ಘಾತದ ತಪ್ಪು ಮರೆಯಾಗಿ ಕೂರುತ್ತದೆ. ಮುಖ್ಯ ಮಿತಿ ಬೇರೆಯೇ ಇದೆ. ಸಮೀಕರಣದ ಒಂದು ಬದಿಯನ್ನು ಮಾತ್ರ ಬೇರೆ ರೂಪಕ್ಕೆ ತಂದ ಹಂತಕ್ಕೆ ಈ ಪರೀಕ್ಷೆ ಹೊಂದುತ್ತದೆ. ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಬರುವಾಗ ಅವಳು ಅಡ್ಡ ಗುಣಾಕಾರ ಮಾಡಿದ್ದಳು. ಎರಡು ಬದಿಯ ಬೆಲೆಯೂ ಬದಲಾಗಿದೆ. ಅಲ್ಲಿ 3 ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಅಂಥ ಹಂತಗಳಿಗೆ ಮೂಲವನ್ನೇ ಇಟ್ಟು ನೋಡಬೇಕು. ಈ ಸಮೀಕರಣದ ಮೂಲಗಳು 1 ಮತ್ತು 2 ಎಂದು ನನಗೆ ಗೊತ್ತಿತ್ತು. x ಗೆ 1 ಹಾಕಿದರೆ ಮೊದಲ ಸಾಲಿನ ಎಡಗಡೆ 1/5 + 1/6, ಅಂದರೆ 11/30. ಸರಿ. ಎರಡನೇ ಸಾಲಿನಲ್ಲಿ ಅದೇ 1 ಹಾಕಿದರೆ −3 ಅನ್ನು −30 ರಿಂದ ಭಾಗಿಸಿ 1/10. ತಪ್ಪು. ನಿಜವಾದ ಮೂಲ ಪ್ರತಿ ಸಾಲಿಗೂ ಒಪ್ಪಬೇಕು, ಅದು ಮೊದಲು ಒಪ್ಪದೇ ಹೋಗುವ ಸಾಲಿನಲ್ಲೇ ತಪ್ಪು ಒಳಗೆ ಬಂದಿದೆ. ಆದರೆ ಆ ಸಾಲಿನ ನಂತರ ಈ ಪರೀಕ್ಷೆಯೂ ಮೂಕವಾಗುತ್ತದೆ, ಕೆಳಗಿನ ಸಾಲುಗಳೆಲ್ಲ 1 ಅನ್ನು ನಿರಾಕರಿಸುತ್ತಲೇ ಹೋಗುತ್ತವೆ. ಅವು ಹೊಸ ತಪ್ಪುಗಳೋ ಹಳೆಯದರ ನೆರಳೋ ಎಂದು ಕೈಯಿಂದಲೇ ನೋಡಬೇಕು.

ನೋಡಿದೆ. −3ನ್ನು ಸರಿಯೆಂದು ಒಪ್ಪಿಕೊಂಡರೆ −90 ಸರಿ. ಬ್ರಾಕೆಟ್‌ಗಳ ಗುಣಾಕಾರ ಸರಿ. 308ರಿಂದ 90 ಕಳೆದರೆ 218, ಅದೂ ಸರಿ. ಶೋಧಕಕ್ಕೆ 1089 ಮತ್ತು 9592 ಕೂಡಿಸಿ 10681, ಅದೂ ಸರಿ. ಐದು ಸಾಲಿನಲ್ಲಿ ಒಂದೇ ಒಂದು ಚಿಹ್ನೆ ತಪ್ಪಿತ್ತು. ಇದನ್ನು ಅವಳಿಗೆ ಬಿಡಿಸಿ ಹೇಳಿದೆ. ಹಂತಕ್ಕೆ ಹಂತ ಅಂಕ ಕೊಡುವಾಗ ಇದು ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ತನಗೆ ವರ್ಗ ಸಮೀಕರಣವೇ ಬರುವುದಿಲ್ಲ ಎಂದುಕೊಂಡು ಆ ರಾತ್ರಿ ಅವಳು ಮಲಗಬಾರದಿತ್ತು.

ಹತ್ತು ನಿಮಿಷಕ್ಕೆ ತಿದ್ದಿದ ಲೆಕ್ಕ ಬಂತು.

```
((x-7)-(x+4))/((x+4)(x-7)) = 11/30
-11/((x+4)(x-7)) = 11/30
(x+4)(x-7) = -30
x^2-3x+2 = 0
(x-1)(x-2) = 0
```

ಸೋಮವಾರ ಅವಳು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಕಾಣೆಯಾದ ಪುಟವನ್ನು ಆಗಲೇ ನಾನು ಮೊದಲ ಸಲ ನೋಡಿದ್ದು. ಎರಡನೇ ಸಾಲಿನಲ್ಲಿ ಅವಳು ಕಳಿಸಿದಂತೆಯೇ +4 ಇತ್ತು. ಆದರೆ ಆ ಕೂಡುವ ಚಿಹ್ನೆಯ ನಿಂತ ಗೆರೆ ಮಾತ್ರ ಬೇರೆ ಪೆನ್ನಿನದು, ಸ್ವಲ್ಪ ದಪ್ಪ. ಅವಳು ಮೊದಲು −4 ಎಂದೇ ಬರೆದಿದ್ದಳು, ಆಮೇಲೆ ಗೆರೆ ಎಳೆದು +4 ಮಾಡಿದ್ದಳು. ಟೈಪ್ ಆಗಿ ಬಂದ ಸಾಲಿನಲ್ಲಿ ಇದು ಕಾಣುವ ಹಾಗೇ ಇರಲಿಲ್ಲ. ಯಾಕೆ ತಿದ್ದಿದೆ ಎಂದು ಕೇಳಿದೆ.

"ಛೇದದಲ್ಲಿ x ಪ್ಲಸ್ 4 ಅಂತ ಇತ್ತಲ್ಲಾ ಮಿಸ್. ಮೇಲೆ ಬರೆಯೋವಾಗ ಚಿಹ್ನೆ ತಪ್ಪು ಬರೆದೆ ಅಂದ್ಕೊಂಡೆ."

ಅಡ್ಡಗೆರೆಯ ಕೆಳಗಿದ್ದಾಗ x + 4 ಅನ್ನು ಆ ಗೆರೆಯೇ ಹಿಡಿದುಕೊಂಡಿತ್ತು. ಮೇಲಕ್ಕೆ ಬಂದಾಗ ಹಿಡಿಯುವವರು ಯಾರೂ ಇರಲಿಲ್ಲ. ನಾನು ಅವಳ ಪೆನ್ನು ತೆಗೆದುಕೊಂಡು ಅಲ್ಲಿ ಒಂದು ಬ್ರಾಕೆಟ್ ಹಾಕಿದೆ, ನಿಂತ ಗೆರೆಯನ್ನು ಹಾಗೆಯೇ ಬಿಟ್ಟೆ.